ಚಾವಣಿಯ ಸೌರಫಲಕಕ್ಕೊಂದು ಮುನ್ನಂದಾಜು: ಕಾವಲಿನ ಹಂತ

ಚಾವಣಿಯ ಮೇಲಿನ 3 ಕಿಲೋವಾಟ್ ಸೌರಫಲಕಗಳು ನಾಳೆ ಎಷ್ಟು ಯೂನಿಟ್ ಕೊಟ್ಟಾವು ಎಂದು ಹೇಳುವ ಪುಟ್ಟ ಮಾದರಿ ಈಗ ಇಂಥ ಮಾದರಿಗಳಿಗೆ ಕಲಿಸಿ ನಡೆಸುವ ಕ್ಲೌಡ್ ಸೇವೆಯಾದ ಅಮೆಜಾನ್ ಸೇಜ್‌ಮೇಕರ್‌ನಲ್ಲಿ, ಮುಂಬೈ ವಲಯದಲ್ಲಿ ಕೆಲಸ ಮಾಡುತ್ತಿದೆ. ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದತ್ತಾಂಶವನ್ನು ಸಿಎಸ್‌ವಿ ಕಡತವಾಗಿ ಅಮೆಜಾನ್‌ನ ಸಂಗ್ರಹ ಸೇವೆ ಎಸ್3ರಲ್ಲಿ ಇಟ್ಟು, ಸೇಜ್‌ಮೇಕರ್‌ನಲ್ಲೇ ಸಿದ್ಧವಿರುವ ಎಕ್ಸ್‌ಜಿಬೂಸ್ಟ್ ಎಂಬ ಕಲಿಕೆಯ ವಿಧಾನಕ್ಕೆ ಒಪ್ಪಿಸಿದರೆ ಯಂತ್ರ ತಾನೇ ಎದ್ದು, ಕಲಿತು, `model.tar.gz` ಕಡತವನ್ನು ಎಸ್3ಗೆ ಹಾಕಿ, ತಾನೇ ಆರಿಹೋಗುತ್ತದೆ. ಒಂದು ಎಚ್ಚರಿಕೆ: ಊಹಿಸಬೇಕಾದ ಅಂಕಿ ಮೊದಲ ಕಾಲಮ್‌ನಲ್ಲಿರಬೇಕು, ತಲೆಸಾಲು ಇರಬಾರದು. ಅಲ್ಲಿ ತಪ್ಪಿ ತಿಂಗಳ ಕಾಲಮ್ ಇದ್ದರೂ ತರಬೇತಿ ತಕರಾರಿಲ್ಲದೆ ಮುಗಿಯುತ್ತದೆ; ಯೂನಿಟ್ ಬದಲು ತಿಂಗಳನ್ನು ಊಹಿಸುವ ಮಾದರಿ ಕೈಗೆ ಬರುತ್ತದೆ.

ನಿಯೋಜನೆಯಲ್ಲಿ ಆಯ್ಕೆ ಸುಲಭವಾಗಿತ್ತು. ನಾನು ಮಾದರಿಯನ್ನು ಕೇಳುವುದು ಸಂಜೆ ಒಂದು ಸಲ. ಅದಕ್ಕಾಗಿ ದಿನವಿಡೀ ಯಂತ್ರದ ಬಾಡಿಗೆ ಕಟ್ಟುವುದು ವ್ಯರ್ಥ. ಆದ್ದರಿಂದ ಕರೆ ಬಂದಾಗ ಮಾತ್ರ ಎಚ್ಚರವಾಗುವ ಸರ್ವರ್‌ಲೆಸ್ ಬಗೆಯನ್ನು ಆರಿಸಿಕೊಂಡೆ:

```python
ServerlessInferenceConfig(
    memory_size_in_mb=2048, max_concurrency=2)
```

ದಿನದ ಕರೆಗೆ ಉತ್ತರ ತಡವಾಗಿಯೇ ಬರುತ್ತದೆ. ಸೇವೆಯ ಅಳತೆಗಳನ್ನು ತೋರಿಸುವ ಕ್ಲೌಡ್‌ವಾಚ್‌ನಲ್ಲಿ `ModelSetupTime` ದೊಡ್ಡದಾಗಿದ್ದು `ModelLatency` ಚಿಕ್ಕದಾಗಿದ್ದರೆ ತಡವಾದದ್ದು ಲೆಕ್ಕಕ್ಕಲ್ಲ, ನಿದ್ದೆಯಿಂದ ಏಳುವುದಕ್ಕೆ. ನನಗೆ ಅದರಿಂದ ತೊಂದರೆಯಿಲ್ಲ. ಯಾರಾದರೂ ಪರದೆ ನೋಡುತ್ತ ಕಾಯುವಂತಿದ್ದರೆ ಈ ಬಗೆ ಬೇಡ.

ತೊಡಕು ಇರುವುದು ಕಾವಲಿನಲ್ಲಿ. ಸೇಜ್‌ಮೇಕರ್‌ನ ಮಾಡೆಲ್ ಮಾನಿಟರ್, ಬಂದ ಪ್ರಶ್ನೆಗಳನ್ನು ಹಿಡಿದಿಟ್ಟು ತರಬೇತಿಯ ದತ್ತಾಂಶದೊಂದಿಗೆ ಹೋಲಿಸುತ್ತದೆ. ಆದರೆ ಸರ್ವರ್‌ಲೆಸ್ ಬಗೆಯಲ್ಲಿ ಹಾಗೆ ಹಿಡಿದಿಡುವ ಸೌಲಭ್ಯವೂ ಇಲ್ಲ, ಮಾನಿಟರೂ ಇಲ್ಲ. ಬಾಡಿಗೆ ಉಳಿಸಿದವರು ಕಾವಲನ್ನು ತಾವೇ ಕಟ್ಟಿಕೊಳ್ಳಬೇಕು. ಮಾದರಿಯನ್ನು ಕರೆಯುವ ಲ್ಯಾಂಬ್ಡಾ ಕಾರ್ಯವೇ ಈಗ ಪ್ರತಿ ಪ್ರಶ್ನೆಯನ್ನೂ ಉತ್ತರವನ್ನೂ ಒಂದು ಜೇಸನ್ ಸಾಲಾಗಿ ಎಸ್3ಗೆ ಬರೆಯುತ್ತದೆ. ಮರುದಿನ ಇನ್ವರ್ಟರ್ ತೋರಿಸಿದ ನಿಜವಾದ ಯೂನಿಟ್ ಅದರ ಜೊತೆ ಸೇರುತ್ತದೆ.

ಈ ಜೋಡಣೆಯ ಮಹತ್ವ ಜೂನ್‌ನಲ್ಲಿ ಗೊತ್ತಾಯಿತು. ಮಾದರಿ ಕಲಿತದ್ದು ನವೆಂಬರ್‌ನಿಂದ ಮೇವರೆಗಿನ ದಿನಗಳಿಂದ. ದಟ್ಟ ಮೋಡದ ದಿನಗಳು ಅದರಲ್ಲಿ ಬೆರಳೆಣಿಕೆಯಷ್ಟು. ಮುಂಗಾರು ಬಂದ ಮೇಲೆ ಒಂದು ದಿನ 9 ಯೂನಿಟ್ ಎಂದು ಹೇಳಿತು, ಬಂದದ್ದು 5. ಸೇವೆಯ ಕಡೆಯಿಂದ ನೋಡಿದರೆ ಎಲ್ಲವೂ ಸರಿ: ದೋಷವಿಲ್ಲ, ಎಚ್ಚರಿಕೆಯಿಲ್ಲ, ಉತ್ತರ ಎಂದಿನಂತೆ ಬಂದಿದೆ. ಎಲ್ಲ ದಿನಗಳ ಸರಾಸರಿ ವ್ಯತ್ಯಾಸವೂ ಗಾಬರಿ ಹುಟ್ಟಿಸುವಂತಿರಲಿಲ್ಲ. ದಿನಗಳನ್ನು ಮೋಡದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿದಾಗ ಮಾತ್ರ, ಶೇಕಡಾ 80 ದಾಟಿದ ಗುಂಪಿನಲ್ಲಿ ಊಹೆ ಬಹುತೇಕ ಪ್ರತಿ ಸಲವೂ ಮೇಲಕ್ಕೇ ವಾಲುತ್ತಿರುವುದು ಕಂಡಿತು. ತಪ್ಪು ಎರಡೂ ಕಡೆಗೆ ಚದುರಿದ್ದರೆ ಹವಾಮಾನದ ಚಂಚಲತೆ ಎನ್ನಬಹುದಿತ್ತು; ಒಂದೇ ಕಡೆಗೆ ವಾಲಿದರೆ ಕೊರತೆ ಕಲಿಕೆಯದೇ.

ಮರುತರಬೇತಿಗೆ ಮಳೆಗಾಲದ ಸಾಲುಗಳು ಇನ್ನೂ ಸಾಲವು. ಸಾಕಷ್ಟು ಸೇರಿದ ಮೇಲೆ ಹೊಸ ಮಾದರಿಗೆ ಹೊಸ ಸಂರಚನೆ ಬರೆದು, ಮಾದರಿಯನ್ನು ಕರೆಯುವ ವಿಳಾಸವಾದ ಎಂಡ್‌ಪಾಯಿಂಟನ್ನು ಅದಕ್ಕೆ ತಿರುಗಿಸುತ್ತೇನೆ. ಹಳೆಯದನ್ನು ಅಳಿಸದೆ ಇಟ್ಟರೆ ಹಿಂದಿರುಗುವುದು ಒಂದೇ ಆಜ್ಞೆಯ ಕೆಲಸ. ಅಲ್ಲಿಯವರೆಗೆ ಮೋಡ ಶೇಕಡಾ 80 ದಾಟುವ ದಿನ, ಮೊಬೈಲ್‌ಗೆ ಬರುವ ಸಂದೇಶದಲ್ಲಿ ಅಂಕಿಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ.