ಟೊಮೆಟೊ ಧಾರಣೆಯ ಹೆಡ್‌ಲೈನ್: ಗರಿಷ್ಠ ದರ ಬರೆದರೆ ಸುಳ್ಳಲ್ಲ, ಆದರೂ ತಪ್ಪು

ಕೋಲಾರ ಎಪಿಎಂಸಿಯ ಟೊಮೆಟೊ ಧಾರಣೆ ಈ ಭಾಗದ ಆನ್‌ಲೈನ್ ಡೆಸ್ಕ್‌ಗಳಿಗೆ ದಿನನಿತ್ಯದ ಸುದ್ದಿ. ಹರಾಜು ಮುಗಿದ ಮೇಲೆ ವರದಿಗಾರರಿಂದ ಬರುವುದು ಒಂದು ದರವಲ್ಲ, ಮೂರು: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚಿನ ಮಾಲು ಹೋದ ದರ. ಉದಾಹರಣೆಗೆ 15 ಕೆ.ಜಿ. ಬಾಕ್ಸ್‌ಗೆ ಕನಿಷ್ಠ 200, ಗರಿಷ್ಠ 900, ಬಹುಪಾಲು ಮಾಲು 450ರಿಂದ 550 ಎಂದಿಟ್ಟುಕೊಳ್ಳಿ. ‘ಕೋಲಾರದಲ್ಲಿ ಟೊಮೆಟೊ ಬಾಕ್ಸ್‌ಗೆ 900 ರೂ.!’ ಎಂದು ಬರೆದರೆ ಯಾರೂ ಸುಳ್ಳು ಎನ್ನಲಾಗದು, ಆ ದರಕ್ಕೂ ಒಂದಿಷ್ಟು ಮಾಲು ಹೋಗಿದೆ. ಆದರೆ ಅದನ್ನು ನೋಡಿ ಶ್ರೀನಿವಾಸಪುರದಿಂದ ಟೆಂಪೊ ತುಂಬಿಸಿಕೊಂಡು ಬಂದ ರೈತರಿಗೆ ಸಿಗುವುದು ಐನೂರರ ಆಸುಪಾಸು. ಅತ್ತ ಪೇಟೆಯ ಗಿರಾಕಿ ಕೆ.ಜಿ.ಗೆ 33 ರೂಪಾಯಿಯ ಮಾಲನ್ನು 60 ಎಂದು ತಿಳಿಯುತ್ತಾರೆ.

ಹೀಗಾಗಿ ಹೆಡ್‌ಲೈನ್‌ಗೆ ಬಹುಪಾಲು ಮಾಲಿನ ದರ, ಗರಿಷ್ಠ ದರ ಬೇಕೇ ಬೇಕೆಂದರೆ ‘ಗರಿಷ್ಠ’ ಎಂಬ ಪದದ ಜೊತೆಗೇ. ಅಳತೆಯನ್ನೂ ಬಿಡುವಂತಿಲ್ಲ. ಸರ್ಕಾರಿ ಪಟ್ಟಿಗಳು ಕ್ವಿಂಟಲ್ ಲೆಕ್ಕ ಕೊಡುತ್ತವೆ, ಮಂಡಿ ಬಾಕ್ಸ್ ಲೆಕ್ಕದಲ್ಲಿ ಮಾತಾಡುತ್ತದೆ. ಬಾಕ್ಸ್‌ಗೆ 500 ಎಂದರೆ ಕ್ವಿಂಟಲ್‌ಗೆ ಸುಮಾರು 3,333. ಅಳತೆ ಹೇಳದೆ ‘ಟೊಮೆಟೊ 3,300 ರೂ.’ ಎಂದು ಹಾಕಿದರೆ 2023ರ ಜುಲೈ ಮರಳಿ ಬಂತು ಎಂದುಕೊಳ್ಳುವವರಿದ್ದಾರೆ. ಆಗ ಬಾಕ್ಸ್‌ಗೇ 2,000 ದಾಟಿತ್ತಲ್ಲ!

ಓದುಗರನ್ನು ಸೆಳೆಯಬೇಕು, ಹುಡುಕಿದವರಿಗೂ ಸಿಗಬೇಕು ಎಂಬ ಜಗಳಕ್ಕೆ ಅರ್ಧ ಪರಿಹಾರ ಪುಟದೊಳಗೇ ಇದೆ. ಒಂದು ಸುದ್ದಿಗೆ ಹೆಡ್‌ಲೈನ್ ಹಾಕಲು ಮೂರು ಜಾಗಗಳಿವೆ:

```html
<title>ಕೋಲಾರ ಟೊಮೆಟೊ ಬೆಲೆ, ಜೂನ್ 12: ಬಾಕ್ಸ್‌ಗೆ ₹450–550</title>
<meta property="og:title" content="ಟೊಮೆಟೊ ಬಾಕ್ಸ್‌ಗೆ: ಹೆಚ್ಚಿನ ಮಾಲಿಗೆ ₹450–550, ಗರಿಷ್ಠ ₹900">
<h1>ಕೋಲಾರದಲ್ಲಿ ಚೇತರಿಸಿದ ಟೊಮೆಟೊ: 15 ಕೆ.ಜಿ. ಬಾಕ್ಸ್‌ಗೆ ₹450–550</h1>
```

ಮೊದಲನೆಯದು ಹುಡುಕುವವರಿಗೆ. ಅದರಲ್ಲಿ ಊರು, ಬೆಳೆ, ದಿನಾಂಕ ಮುಂದೆಯೇ ಇರಲಿ. ಎರಡನೆಯದು ವಾಟ್ಸ್ಆ್ಯಪ್, ಫೇಸ್‌ಬುಕ್‌ಗೆ. ಮೂರನೆಯದು ಪುಟ ತೆರೆದವರಿಗೆ, ಸ್ವಲ್ಪ ಬಣ್ಣ ಅಲ್ಲಿ ನಡೆಯುತ್ತದೆ. ಮೂರರ ಧಾಟಿ ಬೇರೆಯಾಗಬಹುದು, ಅಂಕಿ ಬೇರೆಯಾಗಬಾರದು. ಗೂಗಲ್ `<title>` ಬಿಟ್ಟು `<h1>` ಅಥವಾ `og:title` ಎತ್ತಿ ತೋರಿಸುವುದೂ ಉಂಟು. ಒಂದರಲ್ಲಿ 500, ಇನ್ನೊಂದರಲ್ಲಿ 900 ಇದ್ದರೆ ಯಾವುದು ಹೊರಗೆ ಕಾಣುತ್ತದೋ ನಮ್ಮ ಕೈಯಲ್ಲಿಲ್ಲ.

ಕನ್ನಡದ್ದೇ ಆದ ಒಂದು ತೊಡಕು ಇದೆ, ಇಂಗ್ಲಿಷ್‌ನವರ ಎಸ್‌ಇಒ ಪಾಠಗಳಲ್ಲಿ ಇದು ಸಿಗುವುದಿಲ್ಲ. ಗೂಗಲ್ ಹೆಡ್‌ಲೈನನ್ನು ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ, ಇಷ್ಟೇ ಅಕ್ಷರ ಎಂಬ ಮಿತಿಯೇನೂ ಇಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ, ‘ಇಲ್ಲ’ ಇನ್ನೂ ಕೊನೆಗೆ. ‘ಕೋಲಾರ ಎಪಿಎಂಸಿಯಿಂದ ಹೊರ ರಾಜ್ಯಗಳಿಗೆ ಟೊಮೆಟೊ ಸಾಗಣೆಗೆ ನಿರ್ಬಂಧ ವಿಧಿಸಿಲ್ಲ’ ಎಂಬುದು ‘ನಿರ್ಬಂಧ...’ಕ್ಕೆ ತುಂಡಾದರೆ ಸುದ್ದಿಯೇ ತಿರುವುಮುರುವು. ‘ಟೊಮೆಟೊ ಸಾಗಣೆಗೆ ನಿರ್ಬಂಧ ಇಲ್ಲ: ಕೋಲಾರ ಎಪಿಎಂಸಿ’ ಎಂದು ನಿರಾಕರಣೆಯನ್ನು ಮುಂದಕ್ಕೆ ತನ್ನಿ. ಪ್ರಕಟಿಸುವ ಮುನ್ನ ಫೋನಿನಲ್ಲಿ ನೋಡಿ, ಕೊನೆಯ ಎರಡು ಪದ ಬೆರಳಿಂದ ಮುಚ್ಚಿ ಓದಿ. ಅರ್ಥ ಉಲ್ಟಾ ಆದರೆ ತಿರುಗಿ ಬರೆಯಿರಿ.

‘ಇಂದಿನ ಬೆಲೆ’ಯೂ ಮೋಸ ಮಾಡುತ್ತದೆ. ಜನ ಹುಡುಕುವುದು ‘ಇಂದು’ ಎಂದೇ, ನಿಜ. ಆದರೆ ನಿನ್ನೆಯ ಸುದ್ದಿ ನಾಳೆಯೂ ಮೇಲೆ ಬಂದರೆ ಆ ‘ಇಂದು’ ಸುಳ್ಳಾಗುತ್ತದೆ. ದಿನದ ದರಕ್ಕೆ ಒಂದೇ ಕಾಯಂ ಪುಟ ಇಟ್ಟು, ಪ್ರತಿ ಹರಾಜಿನ ನಂತರ ದರವನ್ನೂ ದಿನಾಂಕವನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ದರ ಮುಟ್ಟದೆ ದಿನಾಂಕ ಮಾತ್ರ ಹೊಸದು ಮಾಡುವ ಚಾಳಿ ಬೇಡ, ಅದನ್ನು ಗೂಗಲ್ ಕೂಡ ಒಪ್ಪುವುದಿಲ್ಲ.

‘ಟೊಮೆಟೊ ದರ ಕೇಳಿದ್ರೆ ಬೆಚ್ಚಿಬೀಳ್ತೀರ’ ಎನ್ನುವ ಬಗೆಯದು ಗೂಗಲ್ ಡಿಸ್ಕವರ್‌ನಲ್ಲಿ ಕ್ಲಿಕ್ ತರುವುದುಂಟು, ಅಲ್ಲಗಳೆಯುವುದು ಬೇಡ. ಆದರೆ ಅದರಲ್ಲಿ ಊರಿಲ್ಲ, ಅಂಕಿಯಿಲ್ಲ, ಹುಡುಕಾಟದಲ್ಲಿ ಅದಕ್ಕೆ ಹಿಡಿತವೂ ಕಡಿಮೆ. ಇಲ್ಲದ್ದನ್ನು ಉಬ್ಬಿಸುವ ಹೆಡ್‌ಲೈನ್ ಬೇಡವೆಂದು ಡಿಸ್ಕವರ್‌ನ ಮಾರ್ಗಸೂಚಿಯೇ ಹೇಳುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಡಿಸ್ಕವರ್ ಮತ್ತು ಹುಡುಕಾಟದ ವರದಿಗಳನ್ನು ಬೇರೆಬೇರೆ ನೋಡಿ, ಪಕ್ಕದಲ್ಲಿ ಓದುಗರು ಪುಟದಲ್ಲಿ ನಿಂತ ಸಮಯವನ್ನೂ ಇಡಿ. ಕ್ಲಿಕ್ ಜಾಸ್ತಿ, ನಿಂತ ಸಮಯ ತೀರಾ ಕಡಿಮೆ ಎಂದಾದರೆ ಹೆಡ್‌ಲೈನ್ ಹೇಳಿದ್ದು ಒಳಗೆ ಸಿಕ್ಕಿಲ್ಲವೇನೋ ಎಂದು ಅನುಮಾನಿಸಬೇಕು. ದರ ಮೊದಲ ಸಾಲಲ್ಲೇ ಸಿಕ್ಕಿ ಎದ್ದುಹೋದವರೂ ಇರುತ್ತಾರೆ, ಆದ್ದರಿಂದ ಪುಟ ತೆರೆದು ನೋಡದೆ ತೀರ್ಮಾನ ಬೇಡ.

ತಪ್ಪು ಅಂಕಿ ಹೋಗಿಯೇಬಿಟ್ಟರೆ ಪುಟ ತಿದ್ದುವುದು ಸುಲಭ. ಆದರೆ ವಾಟ್ಸ್ಆ್ಯಪ್ ಗುಂಪುಗಳಿಗೆ ಆಗಲೇ ಹೋದ ಲಿಂಕಿನ ಮೇಲಿನ ಹೆಡ್‌ಲೈನ್ ಕಳಿಸಿದ ಕ್ಷಣದ್ದು, ನೀವು ತಿದ್ದಿದರೂ ಅದು ಬದಲಾಗುವುದಿಲ್ಲ. ಹಾಗಾಗಿ ಮೂರರಲ್ಲಿ `og:title` ಅನ್ನು ಇನ್ನೊಬ್ಬರು ವರದಿಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಪ್ರಕಟಿಸಿ. ತಪ್ಪಾಗಿದ್ದರೆ ‘ತಿದ್ದುಪಡಿ’ ಎಂದು ಶುರುವಾಗುವ ಹೊಸ ಲಿಂಕನ್ನು ಅದೇ ಗುಂಪುಗಳಿಗೆ ಕಳಿಸಿ.