ನಂಬರಿಗೆ ತೆರೆಯುವ ಬಾಗಿಲು ಹೆಸರಿಗೆ ತೆರೆಯಲಿಲ್ಲ

ಸೋಮವಾರಪೇಟೆಯ ಚಿಕ್ಕಪ್ಪನ ಮನೆಗೆ ಹೋದಾಗ ಜುಲೈ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಕಾಫಿ ಕೈಗಿಡುವ ಮೊದಲೇ ಅವರು ತಮ್ಮ ಹೋಂಸ್ಟೇ ವೆಬ್‌ಸೈಟಿನ ದೂರು ಬಿಚ್ಚಿದರು. ಹೊಸ ಸರ್ವರಿಗೆ ಸಾಗಿಸಿದ ಹುಡುಗ ಒಂದು ನಂಬರ್ ಬರೆದುಕೊಟ್ಟಿದ್ದಾನೆ, ಅದನ್ನು ಬ್ರೌಸರಿನಲ್ಲಿ ಹಾಕಿದರೆ ಸೈಟ್ ಬರುತ್ತದೆ, ಹೆಸರು ಹಾಕಿದರೆ ಗಿರಗಿರ ತಿರುಗಿ ನಿಲ್ಲುತ್ತದೆ. "ಮನೆ ಒಂದೇ ತಾನೇ? ನಂಬರಿಗೆ ತೆರೆಯುವ ಬಾಗಿಲು ಹೆಸರಿಗೆ ಯಾಕೆ ತೆರೆಯುವುದಿಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಂಬರ್ ಹಾಕಿದಾಗ ಬ್ರೌಸರ್ ಯಾರನ್ನೂ ಕೇಳದೆ ನೇರ ಆ ಯಂತ್ರಕ್ಕೆ ಹೋಗುತ್ತದೆ. ಹೆಸರು ಹಾಕಿದರೆ ಮೊದಲು ಇಂಟರ್ನೆಟ್ಟಿನ ಹೆಸರು-ನಂಬರ್ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ನಂಬರ್ ವಿಚಾರಿಸಬೇಕು. ನಂಬರಿಗೆ ಸೈಟ್ ಬರುತ್ತದೆ ಎಂದ ಮೇಲೆ ಸರ್ವರ್ ಜೀವಂತವಾಗಿದೆ, ತೊಡಕು ಬಹುಶಃ ಈ ವಿಚಾರಣೆಯಲ್ಲಿದೆ. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಕೇಳಿ ನೋಡಿದೆ (ಹೆಸರು, ನಂಬರುಗಳನ್ನು ಇಲ್ಲಿ ಬದಲಿಸಿದ್ದೇನೆ):

```
nslookup example.com
Address: 198.51.100.7
```

ಹೊಸ ಸರ್ವರ್ `203.0.113.25`. ಉತ್ತರವಾಗಿ ಬಂದ ನಂಬರ್ ಆಗಲೇ ನಿಲ್ಲಿಸಿದ್ದ ಹಳೆಯ ಯಂತ್ರದ್ದು.

ವಿಚಿತ್ರವೆಂದರೆ, ಹುಡುಗ ತಪ್ಪು ಬರೆದಿರಲಿಲ್ಲ. ಹೊಸ ಹೋಸ್ಟಿಂಗ್ ಖಾತೆಯಲ್ಲಿ ಎ ರೆಕಾರ್ಡ್, ಅಂದರೆ ಹೆಸರಿನ ಮುಂದೆ ನಂಬರ್ ಬರೆಯುವ ಸಾಲು, ಅಚ್ಚುಕಟ್ಟಾಗಿ ಹೊಸ ನಂಬರಿಗೇ ಇತ್ತು. ಆದರೆ ಆ ಪುಸ್ತಕವನ್ನು ತೆರೆಯುವವರೇ ಇಲ್ಲ! ಒಂದು ಹೆಸರಿನ ವಿವರ ಯಾವ ನೇಮ್‌ಸರ್ವರಿನಲ್ಲಿದೆ ಎಂದು ಲೋಕಕ್ಕೆ ತಿಳಿಯುವುದು, ನಾವು ಹೆಸರು ಕೊಂಡ ಕಂಪನಿಯ ಖಾತೆಯಲ್ಲಿ ನಮೂದಿಸಿದ್ದರಿಂದ. `nslookup -type=ns example.com` ಎಂದಾಗ ಹಳೆಯ ಹೋಸ್ಟಿಂಗಿನ ನೇಮ್‌ಸರ್ವರುಗಳೇ ಬಂದವು. ಹಳೆಯ ದಫ್ತರನ್ನೇ ಎಲ್ಲರೂ ನೋಡುತ್ತಿದ್ದರು, ಹುಡುಗ ಹೊಸ ದಫ್ತರಿನಲ್ಲಿ ತಿದ್ದುತ್ತಿದ್ದ.

ಹೆಸರು ಕೊಂಡ ಖಾತೆಯ ಪಾಸ್‌ವರ್ಡ್ ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಸಿಕ್ಕಿದ್ದು ಕಾಫಿ ಕೊಯ್ಲಿನ ಕೂಲಿ ಲೆಕ್ಕದ ಪುಸ್ತಕದಲ್ಲಿ, "ಗೊಬ್ಬರ" ಎಂಬ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ. ಎರಡು ನೇಮ್‌ಸರ್ವರುಗಳ ಹೆಸರು ಬದಲಿಸಿ ಉಳಿಸಿದೆ. ಅಷ್ಟೇ ಕೆಲಸ.

"ಈಗಲೇ ಬರುತ್ತದೆಯೇ?"

"ಎರಡು ದಿನವೂ ಆಗಬಹುದು ಚಿಕ್ಕಪ್ಪ." ಹಳೆಯ ಉತ್ತರವನ್ನು ಒಮ್ಮೆ ಪಡೆದ ಇಂಟರ್ನೆಟ್ ಕಂಪನಿಗಳು ಅದನ್ನು ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತವೆ. `.com` ಹೆಸರುಗಳ ನೇಮ್‌ಸರ್ವರ್ ವಿವರಕ್ಕೆ ಆ ಅವಧಿ 172800 ಸೆಕೆಂಡು, ಅಂದರೆ 48 ಗಂಟೆ. ಸಾಗಿಸುವ ಮುನ್ನ ಹಳೆಯ ದಫ್ತರಿನಲ್ಲೇ ಎ ರೆಕಾರ್ಡ್ ತಿದ್ದಿದ್ದರೆ ಈ ಕಾಯುವಿಕೆ ಬಹಳ ಕಡಿಮೆಯಾಗುತ್ತಿತ್ತು. ಆದರೆ ಆ ಖಾತೆ ಮುಚ್ಚಿ ಹೋಗಿತ್ತು.

ಮರುದಿನ ಬೆಳಿಗ್ಗೆ ಜಗುಲಿಯಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ ಹೆಸರು ಹಾಕಿದೆ, ಹೋಂಸ್ಟೇ ಚಿತ್ರ ಬಂದಿತು. ಒಳಗೆ ಬ್ರಾಡ್‌ಬ್ಯಾಂಡಿನ ಕಂಪ್ಯೂಟರ್ ಇನ್ನೂ ಹಳೆಯದನ್ನೇ ಜಪಿಸುತ್ತಿತ್ತು. ಚಿಕ್ಕಪ್ಪ ನನ್ನ ಮೊಬೈಲನ್ನೊಮ್ಮೆ, ತಮ್ಮ ಪರದೆಯನ್ನೊಮ್ಮೆ ನೋಡಿ ಕೇಳಿದರು: "ನಿನ್ನ ಫೋನಿಗೆ ಮಾತ್ರ ಹೇಳಿದೆಯಾ?"