ಪ್ರಯೋಗಾಲಯದಲ್ಲಿ ತೂಗಿದ ಮೀಟರ್ ಕೋಲು

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ಸಂಯುಕ್ತ ಲೋಲಕದ ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತಿದ್ದರು: ತುದಿಯಿಂದ ತೂಗುಹಾಕಿದ ಮರದ ಮೀಟರ್ ಕೋಲಿಗೆ ಸರಿಸಮವಾಗಿ ತೂಗಬೇಕಾದರೆ ದಾರಕ್ಕೆ ಕಟ್ಟಿದ ಗುಂಡು ಎಷ್ಟು ಕೆಳಗಿರಬೇಕು? ಕೋಲಿನ ಗುರುತ್ವ ಕೇಂದ್ರವು 50 ಸೆಂ.ಮೀ. ಕೆಳಗಿರುವುದರಿಂದ ತರಗತಿಯ ಉತ್ತರವೂ 50 ಎಂದೇ ಇರುತ್ತಿತ್ತು. ಅವರು ವಾದಿಸದೆ ಅಷ್ಟುದ್ದದ ಲೋಲಕವನ್ನು ಕೋಲಿನ ಪಕ್ಕದಲ್ಲಿ ಕಟ್ಟಿ ಎರಡನ್ನೂ ಒಟ್ಟಿಗೆ ಬಿಡುತ್ತಿದ್ದರು. ಗುಂಡಿನ ಆವರ್ತಕಾಲ 1.42 ಸೆಕೆಂಡು, ಕೋಲಿನದು 1.64, ಐದಾರು ಸೆಕೆಂಡುಗಳಲ್ಲೇ ಅವು ಎದುರುಬದುರಾಗಿ ತೂಗತೊಡಗುತ್ತಿದ್ದವು. ದಾರವನ್ನು 66.7 ಸೆಂ.ಮೀ.ವರೆಗೆ ಇಳಿಬಿಟ್ಟಾಗ ಮಾತ್ರ ಎರಡೂ ಜೊತೆಯಾಗಿ ಸಾಗುತ್ತಿದ್ದವು.

ಕೋಲಿನ ಪ್ರತಿಯೊಂದು ತುಣುಕನ್ನು ಗುರುತ್ವವು ಹಿಂದಕ್ಕೆ ತಿರುಗಿಸುವ ಬಲ ಆಧಾರಬಿಂದುವಿನಿಂದ ಅದಕ್ಕಿರುವ ದೂರಕ್ಕೆ ಅನುಗುಣವಾಗಿ ಹೆಚ್ಚಿದರೆ, ತಿರುಗಲು ಅದು ಒಡ್ಡುವ ಜಡತ್ವ ಆ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ಕೆಳಗಿನ ಅರ್ಧವು ಇಡೀ ಕೋಲನ್ನು ನಿಧಾನಗೊಳಿಸುತ್ತದೆ. ಆಧಾರದಿಂದ ಗುರುತ್ವ ಕೇಂದ್ರಕ್ಕಿರುವ ದೂರ d ಆದರೆ, ಸಮಾನ ಸರಳ ಲೋಲಕದ ಉದ್ದ ℓ = d + k²/d, ಆವರ್ತಕಾಲ T = 2π√(ℓ/g). ಇಲ್ಲಿ g ಎಂದರೆ ಗುರುತ್ವ ವೇಗೋತ್ಕರ್ಷ, k ಎಂದರೆ ವಸ್ತುವಿನ ದ್ರವ್ಯರಾಶಿ ಗುರುತ್ವ ಕೇಂದ್ರದ ಸುತ್ತ ಎಷ್ಟು ದೂರ ಹರಡಿದೆ ಎಂಬುದರ ಅಳತೆ. ಏಕರೂಪದ ತೆಳು ಕೋಲಿಗೆ k² ಎಂದರೆ ಅದರ ಉದ್ದದ ವರ್ಗದ ಹನ್ನೆರಡನೆಯ ಒಂದು ಭಾಗ. ಮೀಟರ್ ಕೋಲಿಗೆ 833 ಚದರ ಸೆಂ.ಮೀ. ತುದಿಯಲ್ಲಿ d = 50 ಎಂದಿಟ್ಟರೆ ℓ = 50 + 16.7.

ಈ ಎರಡು ಸಂಖ್ಯೆಗಳು ಅದಲುಬದಲಾಗಬಲ್ಲವು ಎಂಬುದೇ ನನಗೆ ಇಂದಿಗೂ ಅತ್ಯಂತ ಸೊಗಸೆನಿಸುವ ಸಂಗತಿ. ಕೇಂದ್ರದಿಂದ 16.7 ಸೆಂ.ಮೀ. ದೂರದಲ್ಲಿ ರಂಧ್ರ ಕೊರೆದು ತೂಗುಹಾಕಿದರೂ ಆವರ್ತಕಾಲ ಅದೇ 1.64 ಸೆಕೆಂಡು. ಹೈಗನ್ಸ್ 1673ರಲ್ಲಿ ಪ್ರಕಟಿಸಿದ ಈ ಗುಣವನ್ನೇ ಆಧರಿಸಿ, ಹೆನ್ರಿ ಕೇಟರ್ 1817ರಲ್ಲಿ ತಿರುಗುಮುರುಗು ಮಾಡಬಲ್ಲ ಲೋಲಕದಿಂದ g ಅಳೆದರು. ಆವರ್ತಕಾಲಗಳು ಹೊಂದಿದ ಮೇಲೆ, ಲೋಲಕವನ್ನು ಸರದಿಯಂತೆ ತೂಗುಹಾಕುವ ಎರಡು ನೈಫ್ ಎಡ್ಜ್‌ಗಳ ನಡುವಿನ ಅಂತರವೇ ℓ ಆಗುವುದರಿಂದ ಅವರು k ಲೆಕ್ಕಹಾಕಬೇಕಿರಲಿಲ್ಲ. (ಇದೇ ಕೇಟರ್ ಅದಕ್ಕೂ ಮೊದಲು ದಕ್ಷಿಣ ಭಾರತದ ಭೂಮಾಪನದಲ್ಲಿ ಲ್ಯಾಂಬ್ಟನ್ನರಿಗೆ ಸಹಾಯಕರಾಗಿದ್ದರು.)

ಆಧಾರವನ್ನು ತುದಿಯಿಂದ ಒಳಕ್ಕೆ ಸರಿಸಿದಂತೆ ಆವರ್ತಕಾಲ ಮೊದಲು ಇಳಿದು, d = 28.9 ಸೆಂ.ಮೀ. ಇರುವಲ್ಲಿ 1.53 ಸೆಕೆಂಡಿನ ಕನಿಷ್ಠವನ್ನು ಮುಟ್ಟಿ, ಆಮೇಲೆ ಏರುತ್ತದೆ. 5 ಸೆಂ.ಮೀ.ಗೆ ಬರುವಾಗ ಅದು 2.63 ಸೆಕೆಂಡು, ಸಮಾನ ಉದ್ದ ಕೋಲಿಗಿಂತಲೂ ಹೆಚ್ಚು, ಸುಮಾರು 172 ಸೆಂ.ಮೀ. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಬಿಂದುಗಳು ವಕ್ರರೇಖೆಯಿಂದ ದೂರ ಸಿಡಿಯುತ್ತಿದ್ದುದೂ ಇಲ್ಲಿಯೇ. ಕನಿಷ್ಠದ ಬಳಿ d ಅಳೆಯುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಪರಿಣಾಮ ಕಾಣುವುದಿಲ್ಲ, 5 ಸೆಂ.ಮೀ.ನಲ್ಲಿ ಅದೇ ತಪ್ಪು ℓಅನ್ನು 3 ಸೆಂ.ಮೀ.ಗಿಂತ ಹೆಚ್ಚು ಕದಲಿಸುತ್ತದೆ. ಹಾಗಾಗಿ ದೂರವನ್ನು ರಂಧ್ರದ ನಡುವಿನಿಂದಲ್ಲ, ಮೊಳೆಯ ಮೇಲೆ ಕೂರುವ ಅದರ ಮೇಲಂಚಿನಿಂದ ಅಳೆಯಬೇಕೆಂದೂ, ಗುರುತ್ವ ಕೇಂದ್ರ 50ರಲ್ಲೇ ಇದೆಯೆಂದು ನಂಬದೆ ಕೋಲನ್ನು ಅಂಚಿನ ಮೇಲೆ ಸಮತೋಲನಗೊಳಿಸಿ ಗುರುತಿಸಬೇಕೆಂದೂ ಮೇಷ್ಟ್ರು ಪಟ್ಟುಹಿಡಿಯುತ್ತಿದ್ದರು.